"ಕ…" ಅಂದು ಸುಮ್ನೆ ಕೂತ ಕಥೆ

ತಾತಂಗೆ ಸ್ಟ್ರೋಕ್ ಆದ ಮೇಲೆ ಮೊದಲ ಮೂರು ವಾರ ಅವ್ರ ಬಾಯಿಂದ ಬರ್ತಾ ಇದ್ದಿದ್ದು ಒಂದೇ ಪದ, "ಬಂತು". ನೀರು ಬೇಕಾದ್ರೂ ಬಂತು, ದಿಂಬು ಸರಿ ಮಾಡ್ಬೇಕಾದ್ರೂ ಬಂತು, ನಾನು ರೂಮಿಗೆ ಕಾಲಿಟ್ಟ ತಕ್ಷಣ ಮುಖ ಅರಳಿಸ್ಕೊಂಡು ಬಂತು ಬಂತು ಬಂತು. ಮೊದಮೊದಲು ಏನ್ ತಾತ ಬಂತು ಅಂತ ನಾವು ಕಿಟಕಿಯಿಂದ ಆಚೆ ಇಣುಕಿ ನೋಡಿದ್ದೂ ಇದೆ. ಆಮೇಲೆ ಗೊತ್ತಾಗಿದ್ದು, ಅವ್ರು ಹೇಳ್ಬೇಕು ಅಂದ್ಕೊಂಡಿದ್ದು ಬೇರೆ ಏನೋ, ಬಾಯಿಗೆ ಬರ್ತಿರೋದು ಮಾತ್ರ ಇದೊಂದೇ ಪದ, ಮತ್ತೆ ಅದು ತಪ್ಪು ಪದ ಅಂತ ಅವ್ರಿಗೂ ಗೊತ್ತು. ಗೊತ್ತಿದ್ದಿದ್ರಿಂದಲೇ ಎಡಗೈಯಲ್ಲಿ ಮಂಚ ಕುಟ್ಟೋರು.

ಸ್ಪೀಚ್ ಥೆರಪಿಸ್ಟ್ ಮೇಡಮ್ ಇದಕ್ಕೆ ಅಫೇಷಿಯಾ ಅಂತಾರೆ ಅಂದ್ರು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗೋದು ನಿಂತಿದ್ರಿಂದ ಬಲಗೈ ಬಲಗಾಲು ಸೋತಿರೋದು, ಅದೇ ಎಡಭಾಗದ ಮುಂದುಗಡೆ ಮಾತು ಕಟ್ಟೋ ಜಾಗ ಇರೋದ್ರಿಂದ ಮಾತೂ ಹೋಗಿರೋದು. ಒಂದೇ ಪದ ಮತ್ತೆ ಮತ್ತೆ ಬರೋದೂ ಹೊಸದೇನಲ್ಲವಂತೆ. 1861ರಲ್ಲಿ ಪ್ಯಾರಿಸ್‌ನಲ್ಲಿ ಬ್ರೋಕಾ ಅನ್ನೋ ಡಾಕ್ಟರ್ ಹತ್ರ ಬಂದಿದ್ದ ಒಬ್ಬ ಪೇಶೆಂಟ್ ಬಾಯಲ್ಲೂ ಬರ್ತಿದ್ದಿದ್ದು ಹೆಚ್ಚುಕಮ್ಮಿ "ಟ್ಯಾನ್" ಅನ್ನೋದೊಂದೇ, ಆ ಮನುಷ್ಯ ತೀರಿಕೊಂಡ ಮೇಲೆ ಮಿದುಳು ನೋಡಿ ಈ ಜಾಗ ಗುರುತಿಸಿದ್ರಂತೆ. ನನಗೆ ಇದು ಕೇಳಿ ಯಾಕೋ ಸ್ವಲ್ಪ ಸಮಾಧಾನ ಆಯ್ತು. ನಮ್ಮ ತಾತನ "ಬಂತು"ಗೆ ಒಬ್ಬ ಹಳೇ ಜೊತೆಗಾರ ಇದ್ದಾನೆ ಅನ್ನಿಸ್ತು.

ಮೇಡಮ್ ಸಿಗ್ತಿದ್ದಿದ್ದು ವಾರಕ್ಕೆ ಎರಡು ಸಲ ಮಾತ್ರ, ಮಿಕ್ಕಿದ್ದೆಲ್ಲ ಮನೇಲಿ ನಾನೇ. ನಾನು ಥೆರಪಿ ಓದಿದವಳಲ್ಲ. ಅವ್ರು ಹೇಳಿಕೊಟ್ಟಿದ್ದು, ನಾನು ತಪ್ಪು ಮಾಡಿ ತಿದ್ದಿಕೊಂಡಿದ್ದು, ಅಷ್ಟನ್ನೇ ಬರೀತಿದೀನಿ.

ಮೊದಲನೇ ತಪ್ಪು ಪುಸ್ತಕದ್ದು. ಮಕ್ಕಳ ಅಕ್ಷರಮಾಲೆ ಪುಸ್ತಕ ತಂದು ಮುಂದೆ ಹಿಡಿದೆ, ಅ ಅಂದ್ರೆ ಅರಸ, ಆ ಅಂದ್ರೆ ಆನೆ. ತಾತ ಒಂದು ಪುಟ ನೋಡಿದ್ರು, ನನ್ನ ಮುಖ ನೋಡಿದ್ರು, ಎಡಗೈಯಲ್ಲಿ ಪುಸ್ತಕ ತಳ್ಳಿ ಗೋಡೆ ಕಡೆ ತಿರುಗಿ ಮಲಗಿದ್ರು. ಆ ದಿನ ಸಂಜೆವರೆಗೂ ನನ್ನ ಕಡೆ ತಿರುಗಲಿಲ್ಲ. ಅವ್ರಿಗೆ ಆನೆ ಅಂದ್ರೆ ಏನು ಅಂತ ಮರೆತಿರಲಿಲ್ಲ ಅಲ್ವಾ, ಆನೆ ಅನ್ನೋ ಪದಕ್ಕೆ ಹೋಗೋ ದಾರಿ ಮುಚ್ಚಿತ್ತು ಅಷ್ಟೇ. ಗೊತ್ತಿರೋದನ್ನೇ ಮೊದಲಿಂದ ಕಲಿಸೋಕೆ ಹೋದ್ರೆ ಯಾರಿಗಾದ್ರೂ ಅವಮಾನ ಆಗುತ್ತೆ. ಮಾರನೇ ದಿನದಿಂದ ಪುಸ್ತಕ ಬಿಟ್ಟು ಅವ್ರ ಕೈಗೆ ಸಿಗೋ ವಸ್ತುಗಳನ್ನೇ ತಗೊಂಡೆ. ಕನ್ನಡಕ, ಲೋಟ, ಕೋಲು, ಗಡಿಯಾರ, ಬಾಗಿಲು, ಟವೆಲ್ಲು. ಇದ್ರಲ್ಲಿ ಯಾವ್ದು ಬೇಕು ಅಂತ ಅವ್ರನ್ನೇ ಕೈ ತೋರಿಸೋಕೆ ಬಿಟ್ಟೆ, ಹತ್ತು ವಸ್ತು ಆದ್ವು, ಒಂದೂವರೆ ತಿಂಗಳು ಆ ಹತ್ತೇ.

ಅದಕ್ಕೆ ಮುಂಚೆ ಇನ್ನೊಂದು ಆಗಬೇಕಿತ್ತು, ಹೌದು ಅಲ್ಲ. ತಾತ ಎಲ್ಲದಕ್ಕೂ ತಲೆ ಆಡಿಸೋರು, ನಾವೆಲ್ಲ ಅದನ್ನ ಹೌದು ಅಂತ ತಗೊಂಡು ಫ್ಯಾನ್ ಹಾಕೋದು, ಅವ್ರು ಮುಖ ಗಂಟಿಕ್ಕೋದು. ಒಂದಿನ ನನಗೇ ಅನುಮಾನ ಬಂದು ಉತ್ತರ ಗೊತ್ತಿರೋ ಪ್ರಶ್ನೆಗಳನ್ನೇ ಕೇಳಿದೆ, ನಾನು ನಿಮ್ಮ ಮಗಳಾ ಅಂದೆ, ತಲೆ ಆಡಿಸಿದ್ರು, ನಾನು ನಿಮ್ಮ ಮೊಮ್ಮಗಳಾ ಅಂದೆ, ಅದಕ್ಕೂ ಅದೇ ತಲೆ. ಹತ್ತು ಪ್ರಶ್ನೆ, ಐದು ಹೌದಿನವು ಐದು ಅಲ್ಲದವು, ಆರು ಸರಿ ಬಂತು. ಸುಮ್ನೆ ನಾಣ್ಯ ಚಿಮ್ಮಿದ್ರೂ ಐದು ಸರಿ ಬರುತ್ತಲ್ಲ, ಹಂಗಾಗಿ ಆ ತಲೆ ಆಡಿಸೋದನ್ನ ನಂಬೋ ಹಾಗಿರಲಿಲ್ಲ. ಆದ್ರೆ ಕಿಟಕಿ ತೋರಿಸಿ ಅಂದ್ರೆ ಸರಿಯಾಗಿ ತೋರಿಸೋರು, ಗಡಿಯಾರ ಅಂದ್ರೆ ಗಡಿಯಾರವೇ. ಅಂದ್ರೆ ನನ್ನ ಮಾತು ಅರ್ಥ ಆಗ್ತಿದೆ, ಹೌದು ಅಲ್ಲ ಆಚೆ ಬರೋವಾಗ ಅದಲುಬದಲಾಗ್ತಿದೆ. ಒಂದು ರಟ್ಟಿನ ಮೇಲೆ ದೊಡ್ಡದಾಗಿ ಹೌದು, ಅಲ್ಲ ಅಂತ ಬರೆದು ಕೊಟ್ಟು ತೋರಿಸೋಕೆ ಹೇಳಿದ ಮೇಲೆ ಹತ್ತಕ್ಕೆ ಒಂಬತ್ತು ಸರಿ ಬಂತು, ಮನೆಯಲ್ಲಿ ಜಗಳ ಅರ್ಧ ಕಮ್ಮಿ ಆಯ್ತು.

ಅರ್ಥ ಆಗುತ್ತೆ ಅಂದ್ನಲ್ಲ, ಅದಕ್ಕೂ ಒಂದು ಮಿತಿ ಇತ್ತು. "ಕೋಲು ಕೊಡಿ" ಸರಿ. "ಆ ಕೋಲು ಬಾಗಿಲ ಹಿಂದೆ ಇಟ್ಟು ಬರ್ತೀನಿ ಅಲ್ಲಿವರೆಗೆ ಕನ್ನಡಕ ಹಾಕ್ಕೊಂಡಿರಿ" ಅಂದ್ರೆ ಮಧ್ಯದಲ್ಲೇ ಕಳೆದುಹೋಗೋರು. ಒಂದು ಸಲಕ್ಕೆ ಒಂದೇ ವಿಷ್ಯ, ಟಿವಿ ಆಫ್, ಎದುರಿಗೆ ಕೂತು ಮಾತು. ದೊಡ್ಡಪ್ಪ ಬಂದಾಗೆಲ್ಲ ಕಿವಿ ಹತ್ರ ಹೋಗಿ ಕಿರುಚೋರು, ತಾತನ ಕಿವಿಗೆ ಏನೂ ಆಗಿಲ್ಲ ದೊಡ್ಡಪ್ಪ ಅಂತ ಎಷ್ಟು ಸಲ ಹೇಳಿದೀನೋ.

ಈಗ ಕನ್ನಡಕದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಕಲಿತಿದ್ದೆಲ್ಲ ಆ ಒಂದು ಪದದಲ್ಲೇ ಇದೆ.

ನಾನು ಮಾಡ್ತಿದ್ದಿದ್ದು ಏನಂದ್ರೆ, ಕನ್ನಡಕ ಎತ್ತಿ ಹಿಡಿದು ಇದೇನು ತಾತ ಅನ್ನೋದು, ಅವ್ರು ಬಾಯಿ ತೆರೆದು ತುಟಿ ಹಿಂಗೆ ಹಂಗೆ ಆಡಿಸೋದು, ನನಗೆ ಸಂಕಟ ಆಗಿ ಎರಡು ಸೆಕೆಂಡಿಗೇ "ಕನ್ನಡಕ, ಕನ್ನಡಕ ಅನ್ನಿ" ಅನ್ನೋದು. ಅವ್ರು ಕನ್ನಡಕ ಥರ ಏನೋ ಅನ್ನೋರು, ನಾನು ಖುಷಿ ಪಡೋದು, ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ "ಬಂತು". ಹತ್ತು ದಿನ ಹಿಂಗೇ ಹೋಯ್ತು. ಮೇಡಮ್ ಒಂದು ಸಲ ಪಕ್ಕದಲ್ಲಿ ಕೂತು ನೋಡಿ, ನೀನು ಅವ್ರಿಗೆ ಪದ ಕೊಡ್ತಿದ್ದೀಯ, ಅವ್ರು ಹುಡುಕೋಕೆ ಜಾಗಾನೇ ಬಿಡ್ತಿಲ್ಲ ಅಂದ್ರು. ನಾನು ಹೇಳಿದ್ದನ್ನ ತಿರುಗಿ ಹೇಳೋದು ಒಂದು ಕೆಲಸ, ತಾನಾಗೇ ಹುಡುಕಿ ತೆಗೆಯೋದು ಬೇರೆ ಕೆಲಸ, ತಾತಂಗೆ ಬೇಕಾಗಿದ್ದು ಎರಡನೇದು.

ಆಮೇಲೆ ಅವ್ರು ಐದು ಮೆಟ್ಟಿಲು ಹೇಳಿಕೊಟ್ರು, ಕಮ್ಮಿ ಸಹಾಯದಿಂದ ಜಾಸ್ತಿ ಸಹಾಯಕ್ಕೆ. ಮೊದಲು ವಸ್ತು ತೋರಿಸಿ ಸುಮ್ನೆ ಕೂರೋದು, ಮನಸಲ್ಲಿ ನಿಧಾನಕ್ಕೆ ಹತ್ತು ಎಣಿಸೋದು. ಬರಲಿಲ್ಲ ಅಂದ್ರೆ ಅದು ಏನಕ್ಕೆ ಅಂತ ಹೇಳೋದು, "ಓದೋವಾಗ ಹಾಕ್ಕೋತೀರಲ್ಲ". ಮತ್ತೆ ಹತ್ತು. ಆಮೇಲೆ ಅರ್ಧ ವಾಕ್ಯ, "ಪೇಪರ್ ಕಾಣ್ತಿಲ್ಲ, ಎಲ್ಲಿ ನನ್ನ…" ಅಂತ ದನಿ ಎತ್ತಿ ನಿಲ್ಲಿಸೋದು. ಆಮೇಲೆ ಮೊದಲ ಶಬ್ದ ಮಾತ್ರ, "ಕ…". ಕೊನೇಗೆ ಪೂರ್ತಿ ಪದ, ಇಬ್ಬರೂ ಒಟ್ಟಿಗೆ. ಕೇಳೋಕೆ ಸುಲಭ. ಆ ಹತ್ತು ಎಣಿಸೋದಿದೆಯಲ್ಲ, ನೀವೇ ಒಂದು ಸಲ ಪ್ರಯತ್ನ ಮಾಡಿ ನೋಡಿ, ಎದುರಿಗೆ ಒಬ್ಬ ಮನುಷ್ಯ ಒದ್ದಾಡ್ತಿರೋವಾಗ ಹತ್ತು ಸೆಕೆಂಡು ಬಾಯಿ ಮುಚ್ಕೊಂಡು ಕೂರೋದು ಅಂದ್ರೆ ಏನು ಅಂತ. ನಾನು ಕೈಯನ್ನ ತೊಡೆ ಕೆಳಗೆ ಇಟ್ಕೊಂಡು ಕೂರ್ತಿದ್ದೆ.

ಒಂದು ನೋಟ್‌ಬುಕ್ ಇಟ್ಟೆ. ಪದದ ಮುಂದೆ ಯಾವ ಮೆಟ್ಟಿಲಲ್ಲಿ ಬಂತು ಅನ್ನೋ ನಂಬರ್, ಅಷ್ಟೇ. ಕನ್ನಡಕದ ಸಾಲು ಈಗ ತೆಗೆದು ನೋಡಿದ್ರೆ ಮೊದಲ ಆರು ದಿನ ಬರೀ 5. ಏಳನೇ ದಿನ 4, ನಾನು "ಕ" ಅಂದಿದ್ದಕ್ಕೆ ಅವ್ರು "ಕ… ಕಡನಕ" ಅಂದ್ರು. ನಾನು ತಿದ್ದಲಿಲ್ಲ. ಅಕ್ಷರ ಹಿಂದೆಮುಂದೆ ಆಗಿದೆ ಅಂದ್ರೆ ಪದ ಸಿಕ್ಕಿದೆ ಅಂತ ಅರ್ಥ, ಹೂಂ ಕನ್ನಡಕ ಅಂತ ನಾನು ಸಹಜವಾಗಿ ಹೇಳಿ ಅವ್ರ ಕೈಗೆ ಕೊಟ್ಟೆ. ಅದಾದ ಮೇಲೆ 4, 4, 5, 4. ಹದಿನೈದನೇ ದಿನ 3. ಹದಿನೆಂಟನೇ ದಿನ ಮತ್ತೆ 5, ಅವತ್ತು ಫಿಸಿಯೋಥೆರಪಿ ಮುಗಿಸಿ ಸುಸ್ತಾಗಿದ್ರು. ಆಗ ನಾನು ಅತ್ತಿದ್ದೆ, ಎಲ್ಲಾ ಹೋಯ್ತು ಅಂತ. ಮಾರನೇ ದಿನ ಬೆಳಿಗ್ಗೆ ಮತ್ತೆ 3 ಬಂತು. ನೋಟ್‌ಬುಕ್ ಇರದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ, ಸಂಜೆಯ ನಂಬರ್‌ಗಳು ಎಲ್ಲಾ ಪದಕ್ಕೂ ಬೆಳಗಿನದಕ್ಕಿಂತ ಕೆಟ್ಟದಾಗಿದ್ವು. ಹಂಗಾಗಿ ಸಂಜೆ ಪಾಠ ನಿಲ್ಲಿಸಿ ಬೆಳಿಗ್ಗೆ ಎರಡು ಸಲ, ಹದಿನೈದು ಹದಿನೈದು ನಿಮಿಷ, ಮಧ್ಯಾಹ್ನ ನಿದ್ದೆ ಆದ್ಮೇಲೆ ಒಂದು ಸಲ ಅಂತ ಮಾಡ್ಕೊಂಡೆ.

ಪದ ಒಂದು ಸಲ ಬಂದ ಮೇಲೆ ಬಿಡಬಾರದು ಅನ್ನೋದೂ ಆಗಲೇ ಕಲಿತಿದ್ದು. ಬಂದ ಒಂದು ನಿಮಿಷಕ್ಕೆ ಮತ್ತೆ ಕೇಳೋದು, ಬಂದ್ರೆ ಎರಡು ನಿಮಿಷಕ್ಕೆ, ಆಮೇಲೆ ನಾಲ್ಕು, ಎಂಟು, ಮಧ್ಯೆ ಬೇರೆ ಮಾತು. ತಪ್ಪಿದ್ರೆ ಪದ ಹೇಳಿಕೊಟ್ಟು, ಹಿಂದೆ ಎಷ್ಟು ನಿಮಿಷಕ್ಕೆ ಬಂದಿತ್ತೋ ಅಲ್ಲಿಗೆ ವಾಪಸ್. ಕನ್ನಡಕ ಮೂವತ್ತೆರಡನೇ ದಿನ ಮೊದಲನೇ ಮೆಟ್ಟಿಲಲ್ಲಿ ಬಂತು, ಅಂದ್ರೆ ನಾನು ಏನೂ ಹೇಳದೆ. ಅದೂ ಪಾಠದ ಹೊತ್ತಲ್ಲ, ನಾನು ಬಟ್ಟೆ ಮಡಚ್ತಾ ಇದ್ದೆ, ಹಿಂದಿನಿಂದ ಗೊಗ್ಗರು ದನಿಯಲ್ಲಿ "ಪುಟ್ಟಿ… ಕನ್ನಡಕ". ಪುಟ್ಟಿ ಅನ್ನೋದು ಆ ಹತ್ತರ ಪಟ್ಟಿಯಲ್ಲಿ ಇರಲೇ ಇಲ್ಲ.

ಒಂದು ತೊಂದ್ರೆ ಮಧ್ಯೆ ಮಧ್ಯೆ ಬರ್ತಿತ್ತು. ಲೋಟ ಅಂತ ಒಂದು ಸಲ ಸರಿಯಾಗಿ ಹೇಳಿದ್ರೆ ಆಮೇಲೆ ಕೋಲೂ ಲೋಟ, ಗಡಿಯಾರವೂ ಲೋಟ. ಹಳೇ ಪದ ಅಂಟ್ಕೊಂಡು ಬಿಡುತ್ತೆ. ನಾನು ಅಲ್ಲ ಅಲ್ಲ ಅಂದಷ್ಟೂ ಅದು ಗಟ್ಟಿ ಆಗೋದು. ಆವಾಗ ಕೈಲಿರೋದೆಲ್ಲ ಕೆಳಗಿಟ್ಟು, ಅರ್ಧ ನಿಮಿಷ ಇಬ್ಬರೂ ಕಿಟಕಿ ಆಚೆ ನೋಡ್ಕೊಂಡು ಕೂರ್ತಿದ್ವಿ. ಆಮೇಲೆ ಕೇಳಿದ್ರೆ ಎಷ್ಟೋ ಸಲ ಬಿಡೋದು. ಚಮಚಕ್ಕೆ ತಟ್ಟೆ ಅಂದ್ರೆ ಮಾತ್ರ ನನಗೆ ಖುಷಿನೇ, ಅದು ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ, ಬೀದಿ ಸರಿಯಾಗೇ ಇದೆ.

ಇಷ್ಟರಲ್ಲಿ ಒಂದು ದಿನ ತಾತ ಬೈದುಬಿಟ್ರು. ಬಿಸಿನೀರು ಕಾಲ ಮೇಲೆ ಚೆಲ್ಲಿತು, ಅದೂ ದೊಡ್ಡಪ್ಪನ ಕೈಯಿಂದ, ತಾತನ ಬಾಯಿಂದ ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ, ಇಲ್ಲಿ ಬರೆಯೋಕಾಗದ ಒಂದು ಪೂರ್ತಿ ವಾಕ್ಯ ಬಂತು. ಮನೆಯೆಲ್ಲ ನಿಶ್ಶಬ್ದ. ಆಮೇಲೆ ಶುರುವಾಯ್ತು ನೋಡಿ, "ಮಾತು ಬರುತ್ತೆ, ಬೇಕಂತಲೇ ಆಡ್ತಿಲ್ಲ" ಅಂತ. ಎರಡು ದಿನ ಇದೇ ಚರ್ಚೆ, ಅದೂ ಅವ್ರ ಎದುರಿಗೇ. ಬೈಗುಳ, ಎಣಿಕೆ, ವಾರಗಳ ಹೆಸರು, ಗೊತ್ತಿರೋ ಹಾಡು, ಇವೆಲ್ಲ ಜೀವನವಿಡೀ ಹೇಳಿ ಹೇಳಿ ಗಟ್ಟಿಯಾಗಿರೋ ಮಾತು, ಒಂದೊಂದೇ ಪದ ಹುಡುಕಿ ಪೋಣಿಸೋ ಕೆಲಸ ಅಲ್ಲಿಲ್ಲ, ಮಿದುಳಿನ ಬಲಭಾಗವೂ ಅದರಲ್ಲಿ ಕೈ ಜೋಡಿಸುತ್ತಂತೆ. ಮನಸ್ಸಲ್ಲಿರೋ ಹೊಸ ಮಾತು ಕಟ್ಟೋದು ಬೇರೆ. ತಾತ ಒಂದರಿಂದ ಹತ್ತು ಎಣಿಸೋರು ನೀರು ಕುಡಿದ ಹಾಗೆ, ಆದ್ರೆ ಮೂರು ಚಮಚ ಇಟ್ಟು ಎಷ್ಟಿದೆ ಅಂದ್ರೆ ಬಾಯಿ ಕಟ್ಟೋದು. ಕಾಗುಣಿತವೂ ಹಂಗೇ, ನಾನು ಕ ಅಂದ್ರೆ ಸಾಕು, ಕಾ ಕಿ ಕೀ ಕು ಕೂ ಅಂತ ರೈಲು ಬಿಡೋರು. ಅದನ್ನ ಬೆಳಿಗ್ಗೆ ಬಾಯಿ ಪಳಗಿಸೋಕೆ ಇಟ್ಕೊಂಡ್ವಿ, ದಿನ ಶುರು ಆಗೋದು ಗೆಲುವಿಂದ ಆಗಲಿ ಅಂತ.

ಹಾಡಿನ ಬಗ್ಗೆ ನಾನು ಮೋಸ ಹೋದೆ. ಹಳೇ ಹಾಡೊಂದನ್ನ ಪೂರ್ತಿ ಸಾಹಿತ್ಯದ ಸಮೇತ ಹಾಡಿದ್ರು, ನಾನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದೆ, ಇನ್ನು ಒಂದು ವಾರದಲ್ಲಿ ಮಾತಾಡ್ತಾರೆ ಅಂತ. ಹಾಡು ಮುಗೀತಿದ್ದ ಹಾಗೆ ನೀರು ಕೇಳೋಕೆ ಮತ್ತೆ "ಬಂತು". ಹಾಡು ಹಾಡಿದ್ರೆ ಹಾಡು ಬರುತ್ತೆ, ಮಾತು ಬರೋದಿಲ್ಲ. ಬೇಕಾದ ಮಾತನ್ನೇ ರಾಗಕ್ಕೆ ಕೂರಿಸಬೇಕು. 1970ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ವಿಧಾನ ಅಂತೆ ಅದು. ಎರಡೇ ಸ್ವರ ಸಾಕು, ಒಂದು ಮೇಲೆ ಒಂದು ಕೆಳಗೆ, ಮತ್ತೆ ಒಂದೊಂದು ಅಕ್ಷರಕ್ಕೂ ಅವ್ರ ಎಡಗೈಯನ್ನ ಮೇಜಿನ ಮೇಲೆ ಒಂದೊಂದು ತಟ್ಟು.

"ನೀರು ಬೇಕು" ಅನ್ನೋದನ್ನ ತಗೊಂಡ್ವಿ. ನೀ ರು ಬೇ ಕು, ನಾಲ್ಕು ತಟ್ಟು. ನಮ್ಮ ಭಾಷೆಯಲ್ಲಿ ದೀರ್ಘ ಹೇಗಿದ್ರೂ ಎಳೆಯುತ್ತಲ್ಲ, ನೀ ಮತ್ತೆ ಬೇ ಮೇಲಿನ ಸ್ವರಕ್ಕೆ, ರು ಮತ್ತೆ ಕು ಕೆಳಗೆ. ಮೊದಲು ಪದ ಇಲ್ಲದೆ ಬರೀ ಗುನುಗು, ನಾನು ಅವ್ರ ಕೈ ಹಿಡಿದು ತಟ್ಟಿಸ್ತಾ. ಆಮೇಲೆ ಪದ ಹಾಕಿ ಇಬ್ಬರೂ ಒಟ್ಟಿಗೆ, ತುಂಬಾ ನಿಧಾನ. ಆಮೇಲೆ ಒಟ್ಟಿಗೆ ಶುರು ಮಾಡಿ "ನೀರು" ಆದ ಮೇಲೆ ನಾನು ದನಿ ಇಳಿಸಿ ಜಾರಿಕೊಳ್ಳೋದು, ಅವ್ರು ಒಬ್ಬರೇ ಮುಗಿಸೋದು. ಆಮೇಲೆ ನಾನು ಹೇಳಿ ಅವ್ರು ಹೇಳೋದು. ಕೊನೇಗೆ ನಾನು ಏನು ಬೇಕು ತಾತ ಅಂತ ಕೇಳೋದು, ಅವ್ರು ರಾಗದಲ್ಲೇ ಉತ್ತರ ಕೊಡೋದು. ಒಂದು ಹಂತ ಗಟ್ಟಿ ಆಗದೆ ಮುಂದಿನದಕ್ಕೆ ಹೋದ್ರೆ ಎಲ್ಲಾ ಕುಸಿಯುತ್ತೆ, ನಾಲ್ಕನೇ ದಿನ ಅವಸರ ಮಾಡಿ ಅದನ್ನೂ ನೋಡಿದೆ. ಇದು ಎಲ್ಲರಿಗೂ ಆಗಲ್ಲವಂತೆ. ತಾತನ ಹಾಗೆ ಮಾತು ಅರ್ಥ ಆಗ್ತಾ ಆಚೆ ಬರೋದು ಕಟ್ಟಿರೋರಿಗೇ ಇದು ಹೊಂದೋದು ಅಂದ್ರು ಮೇಡಮ್. ರಾಗ ಬಿಡಿಸೋಕೆ ಇನ್ನೂ ಮೂರು ವಾರ ಹಿಡೀತು, ಈಗಲೂ ಸುಸ್ತಾದಾಗ ನೀರು ಕೇಳೋದು ಸ್ವಲ್ಪ ಹಾಡಿದ ಹಾಗೇ ಇರುತ್ತೆ, ಮೇಜಿನ ಮೇಲೆ ಬೆರಳು ತಟ್ಟುತ್ತೆ.

ಬೇಕು ಅನ್ನೋದನ್ನ ಆರಿಸಿದ್ದು ಸುಮ್ನೆ ಅಲ್ಲ. ಬೇಕು, ಬೇಡ, ಸಾಕು, ಇಲ್ಲ, ಇವಕ್ಕೆ ನಾನು ನೀನು ಅವನು ಅಂತ ಬಾಲ ಬದಲಾಗಲ್ಲ ನೋಡಿ, ಇದೆ ಅನ್ನೋದೂ ಒಂದು ವಸ್ತುವಿನ ಜೊತೆ ಹಾಗೇ ಇರುತ್ತೆ. ಬಂದೆ ಬಂದಿ ಬಂದ್ರು ಅನ್ನೋ ಬಾಲಗಳಲ್ಲೇ ತಾತ ಎಡವೋದು, ಎಲ್ಲದಕ್ಕೂ "ಬಂತು"ನೇ ಅಂಟ್ಕೊಂಡಿತ್ತಲ್ಲ. ಒಂದು ವಸ್ತುವಿನ ಹೆಸರು ಹಾಕಿ ಇವುಗಳಲ್ಲಿ ಒಂದು ಸೇರಿಸಿದ್ರೆ ತಪ್ಪಿಲ್ಲದ ಪೂರ್ತಿ ವಾಕ್ಯ. ಕನ್ನಡಕ ಇಲ್ಲ. ಟವೆಲ್ಲು ಬೇಡ. ಕೋಲು ಬೇಕು. ಹತ್ತು ಪದಕ್ಕೆ ಈ ಐದು ಸೇರಿದ ಮೇಲೆ ತಾತ ಮನೆಯಲ್ಲಿ ಮತ್ತೆ ಯಜಮಾನರಾದ್ರು, "ಬೇಡ"ವನ್ನಂತೂ ಒಂದು ವಾರ ಸುಮ್ಸುಮ್ನೆ ಉಪಯೋಗಿಸಿದ್ರು.

ಐದನೇ ತಿಂಗಳಲ್ಲಿ ಅವ್ರ ಹಳೇ ಸ್ನೇಹಿತರಿಗೆ ಫೋನ್ ಮಾಡೋ ಆಸೆ ಆಯ್ತು, ಫೋನ್ ಕಡೆ ಕೈ ತೋರಿಸಿ ತೋರಿಸಿ. ಫೋನಲ್ಲಿ ಮುಖ ಕಾಣಲ್ಲ, ಕೈ ಸನ್ನೆ ನಡೆಯಲ್ಲ, ನನಗೆ ಭಯ. ಮೂರು ಸಾಲು ಬರೆದ್ವಿ, ಯಾವ ಸಾಲು ಅನ್ನೋದು ಅವ್ರೇ ಆರಿಸಿದ್ದು. "ನಾನು ಕಣೋ." "ಮಾತು ನಿಧಾನ." "ನೀನು ಹೇಗಿದೀಯ?" ದಿನಾ ಹತ್ತಿಪ್ಪತ್ತು ಸಲ, ಮೊದಲ ಸಾಲು ಗಟ್ಟಿ ಆದ್ಮೇಲೆ ಎರಡನೇದು, ಎರಡೂ ಕೂಡಿಸಿ ಆಮೇಲೆ ಮೂರನೇದು, ಎರಡು ವಾರ. ಸ್ನೇಹಿತರಿಗೆ ನಾನು ಮೊದಲೇ ಹೇಳಿದ್ದೆ, ಸುಮ್ಮನಿದ್ರೆ ಲೈನ್ ಕಟ್ ಆಯ್ತು ಅಂದ್ಕೋಬೇಡಿ, ಕಾಯಿರಿ, ಅವ್ರ ಮಾತು ನೀವು ಮುಗಿಸಬೇಡಿ ಅಂತ. ಮೂರು ಸಾಲೂ ಬಂತು. ಆ ಕಡೆಯಿಂದ ಅವ್ರು ಖುಷಿಗೆ ಮರೆತು ಪಟ್ಟಿಯಲ್ಲಿಲ್ಲದ ಪ್ರಶ್ನೆ ಕೇಳಿಬಿಟ್ರು, ಈಗ ದಿನವಿಡೀ ಏನ್ ಮಾಡ್ತೀಯೋ ಅಂತ. ತಾತ ನನ್ನ ನೋಡಿದ್ರು. ನಾನು ತೊಡೆ ಕೆಳಗೆ ಕೈ ಇಟ್ಕೊಂಡು ಎಣಿಸ್ತಾ ಇದ್ದೆ, ಹತ್ತು ಆಯ್ತು, ಹನ್ನೆರಡು ಆಯ್ತು. "ಪುಟ್ಟಿ," ಅಂದ್ರು, ಆಮೇಲೆ ಸ್ವಲ್ಪ ಬಿಟ್ಟು, "ಬೈತಾಳೆ." ಆ ಕಡೆ ನಗೋದು ನನಗೂ ಕೇಳಿಸ್ತು. ನಾನು ಬೈದಿದ್ದೇ ಇಲ್ಲ, ಅದು ಬೇರೆ ವಿಷ್ಯ.

ಈಗ ಹನ್ನೊಂದು ತಿಂಗಳು. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಬಂದಷ್ಟು ಬೇಗ ಈಗ ಬರ್ತಿಲ್ಲ, ಆದ್ರೆ ನೋಟ್‌ಬುಕ್‌ನಲ್ಲಿ ನಂಬರ್ ಇಳೀತಾನೇ ಇದೆ. ಉದ್ದ ವಾಕ್ಯ ಇಲ್ಲ, ಮೂರು ಪದಕ್ಕೆ ನಿಲ್ಲುತ್ತೆ, ಗುಂಪಲ್ಲಿ ಕೂತ್ರೆ ಪೂರ್ತಿ ಮೌನ. ಜನರ ಹೆಸರುಗಳು ಎಲ್ಲಕ್ಕಿಂತ ಕಷ್ಟ, ದೊಡ್ಡಪ್ಪನ ಹೆಸರು ಇನ್ನೂ 4ರಲ್ಲೇ ಇದೆ.

ವಾರದ ಹೆಸರು ಕೇಳಿದ್ರೆ ಅವ್ರು ಭಾನುವಾರದಿಂದಲೇ ಹೊರಡಬೇಕಿತ್ತು. ಭಾನುವಾರ ಸೋಮವಾರ ಮಂಗಳವಾರ ಅಂತ ಜೋರಾಗಿ ಹೇಳ್ಕೊಂಡು ಬಂದು, ಎಷ್ಟೋ ಸಲ ನಿಲ್ಲೋ ಜಾಗ ದಾಟಿ ಶನಿವಾರಕ್ಕೆ ಹೋಗಿ ಬೀಳೋರು. ಹೋದ ವಾರ ಥೆರಪಿ ಯಾವತ್ತು ತಾತ ಅಂತ ಕೇಳಿದೆ. ತುಟಿ ಮುಚ್ಚೇ ಇತ್ತು. ತೊಡೆ ಮೇಲಿದ್ದ ಎಡಗೈಯಲ್ಲಿ ಒಂದು ಬೆರಳು ಮಡಚ್ತು, ಎರಡು, ಮೂರು, ನಾಲ್ಕು. ಅಲ್ಲಿ ಕೈ ನಿಂತಿತು.

"ಬುಧವಾರ."